ಪಟ್ಟಿ ಕೇಬಲ್ಲಿನ ಹಳೇ ಹಾರ್ಡ್ ಡಿಸ್ಕ್: ಯುಎಸ್‌ಬಿ ಅಡಾಪ್ಟರಿಗೆ ಹಾಕಿದ್ರೆ ತಿರುಗ್ತದ, ಕಂಪ್ಯೂಟರಿನಾಗ ಕಾಣವಲ್ದು

ಕೊಪ್ಪಳ_ಮುದ್ರಣ

ನಮಸ್ಕಾರ ಎಲ್ಲರಿಗೂ. ಡಿಟಿಪಿ ಅಂಗಡಿಯ ಹಳೇ ಡೆಸ್ಕ್‌ಟಾಪಿನಿಂದ ಬಿಚ್ಚಿದ 40 ಜಿಬಿ ಐಡಿಇ ಡಿಸ್ಕ್ ಐತ್ರಿ, ಮೂರೂವರೆ ಇಂಚಿಂದು. ಒಳಗ ವಿಂಡೋಸ್ ಎಕ್ಸ್‌ಪಿ, ಲಗ್ನಪತ್ರಿಕೆ ಡಿಸೈನು, ಪೇಜ್‌ಮೇಕರ್ ಫೈಲು, ನುಡಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲು ಅದಾವು. ಒಂದ ತುದಿಗೆ ಅಗಲ ಐಡಿಇ, ಇನ್ನೊಂದ ಕಡೆ ಲ್ಯಾಪ್‌ಟಾಪಿನ ಸಣ್ಣ ಐಡಿಇ, ಮತ್ತೊಂದ ಕಡೆ ಸಾಟಾ, ಹಿಂಗ ಮೂರು ಬಾಯಿ ಇರೋ ಯುಎಸ್‌ಬಿ ಅಡಾಪ್ಟರ್ ತಂದೀನಿ. ಜೊತೆಗೆ ನಾಲ್ಕು ತೂತಿನ ಬಿಳಿ ಪ್ಲಗ್ ಇರೋ ಚಾರ್ಜರ್ ಬಂದೈತಿ.

ಡಿಸ್ಕ್ ತಿರುಗೋ ಸಪ್ಪಳ ಬರ್ತೈತಿ. ವಿಂಡೋಸ್ 10 "ಟಿಂಗ್" ಅಂತದ. ಡಿವೈಸ್ ಮ್ಯಾನೇಜರಿನಾಗ `USB Mass Storage Device` ಅಂತ ತೋರಿಸ್ತೈತಿ. ಆದ್ರ ಡ್ರೈವ್ ಅಕ್ಷರ ಬರಂಗಿಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟಿನಾಗೂ ಸಾಲು ಇಲ್ಲ. ಡಿಸ್ಕ್ ಹೋಗೈತೇನ್ರಿ?

ಸಿಂಧನೂರ್_ಶಿವು

ಜಂಪರ್ ಸ್ಲೇವ್‌ಗೆ ಹಾಕ್ರಿ. ಕಂಪ್ಯೂಟರಿನಾಗ ಮೊದ್ಲೇ ಒಂದು ಡಿಸ್ಕ್ ಮಾಸ್ಟರ್ ಇರ್ತದಲ್ಲ, ಎರಡನೇದು ಸ್ಲೇವ್ ಆಗಬೇಕು. ಹಿಂದ ನಾವು ಹಂಗ ಮಾಡ್ತಿದ್ವಿ.

ಬಳ್ಳಾರಿ_ಬೆಂಚ್

ಶಿವು ಅವ್ರೇ, ಜಂಪರ್ ಕಡೆ ಬೊಟ್ಟು ಮಾಡಿದ್ದು ಸರಿ. ಸ್ಲೇವ್ ಅಂದಿದ್ದು ತಪ್ಪು. ಮಾಸ್ಟರ್, ಸ್ಲೇವ್ ಲೆಕ್ಕ ಬರೋದು ಒಂದೇ ಪಟ್ಟಿ ಕೇಬಲ್ಲಿನಲ್ಲಿ ಎರಡು ಡಿಸ್ಕ್ ಕೂತಾಗ. ಇಲ್ಲಿ ಆ ಕೇಬಲ್ಲೇ ಇಲ್ಲ. ಅಡಾಪ್ಟರಿನ ಬಾಯಿಗೆ ಇವರ ಡಿಸ್ಕ್ ಒಂದೇ. ಕಂಪ್ಯೂಟರಿನ ಒಳಗಿನ ಡಿಸ್ಕಿಗೂ ಇದಕ್ಕೂ ಆ ವಿಷಯದಲ್ಲಿ ಸಂಬಂಧವಿಲ್ಲ. ಈ ಅಡಾಪ್ಟರುಗಳಲ್ಲಿ ಹೆಚ್ಚಿನವು ಮಾಸ್ಟರನ್ನೇ ಹುಡುಕ್ತವೆ. ಸ್ಲೇವ್ ಮಾಡಿದ್ರೆ ಕಾಣೋ ಡಿಸ್ಕೂ ಕಾಣದೆ ಹೋಗಬಹುದು.

ಕೊಪ್ಪಳದವರೇ, ನೀವು ಬರೆದಿದ್ರಲ್ಲೇ ಅರ್ಧ ಉತ್ತರ ಇದೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರ್ ಕಾಣ್ತಿದೆ ಅಂದ್ರೆ ಯುಎಸ್‌ಬಿ ಕೇಬಲ್, ಪೋರ್ಟ್, ಅಡಾಪ್ಟರಿನ ಚಿಪ್ ಮೂರೂ ಬದುಕಿವೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಾಲೇ ಇಲ್ಲ ಅಂದ್ರೆ ಆ ಚಿಪ್ "ಯಾರಿದ್ದೀರಿ" ಅಂತ ಕೇಳಿದ್ದಕ್ಕೆ ಡಿಸ್ಕ್ ಉತ್ತರ ಕೊಟ್ಟಿಲ್ಲ. ಹಾಗಾಗಿ ಹುಡುಕಬೇಕಾದ್ದು ಅಡಾಪ್ಟರಿಗೂ ಡಿಸ್ಕಿಗೂ ನಡುವೆ: ಜಂಪರ್, ಪಿನ್ನು, ಕರೆಂಟು. ಒಂದ್ವೇಳೆ ಸಾಲು ಬಂದು ಡ್ರೈವ್ ಅಕ್ಷರ ಮಾತ್ರ ಬರದೇ ಇದ್ದಿದ್ರೆ, ಅಥವಾ `RAW` ಅಂತ ತೋರಿಸಿದ್ರೆ, ಆಗ ಅದು ಪಾರ್ಟಿಷನ್ ಕಡೆಯ ಮಾತಾಗ್ತಿತ್ತು.

ಎರಡು ವಿಷಯ ಹೇಳಿ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಜಂಪರ್ ಚಿತ್ರದ ಪಕ್ಕ ಏನೇನು ಹೆಸರಿವೆ? ಆ ಹಳೇ ಕಂಪ್ಯೂಟರಿನಲ್ಲಿ ಅದೇ ಪಟ್ಟಿ ಕೇಬಲ್ಲಿಗೆ ಸಿಡಿ ಡ್ರೈವ್ ಸಿಗಿಸಿತ್ತಾ?

ಕೊಪ್ಪಳ_ಮುದ್ರಣ

ಹೌದ್ರಿ, ಸಿಡಿ ರೈಟರ್ ಅದ ಕೇಬಲ್ಲಿಗೆ ಇತ್ತು. ಚೀಟಿ ಮ್ಯಾಲ ನಾಲ್ಕು ಚಿತ್ರ ಅದಾವು: `Single`, `Master`, `Slave`, `Cable Select`. ಜಂಪರ್ ಈಗ `Master` ಚಿತ್ರದಾಗ ಇದ್ದಂಗ ಐತಿ. ಅಂದ್ರ ಸರಿನೇ ಐತಲ್ಲ?

ಬಳ್ಳಾರಿ_ಬೆಂಚ್

ಸರಿ ಇಲ್ಲ. ಸಿಕ್ಕಿಬಿದ್ದಿರೋದು ಅಲ್ಲೇ ಅಂತ ನನ್ನ ಅಂದಾಜು.

ಚೀಟಿಯಲ್ಲಿ `Single` ಅಂತ ಬೇರೆ ಚಿತ್ರ ಇರೋ ಡಿಸ್ಕುಗಳಲ್ಲಿ (ವೆಸ್ಟರ್ನ್ ಡಿಜಿಟಲ್‌ನ ಹಳೇ ಐಡಿಇ ಡಿಸ್ಕುಗಳಲ್ಲಿ ಇದು ಸಾಮಾನ್ಯ) `Master` ಅಂದ್ರೆ "ನಾನು ಮಾಸ್ಟರ್, ಜೊತೆಗೊಬ್ಬ ಸ್ಲೇವ್ ಇದ್ದಾನೆ" ಅಂತ ಅರ್ಥ. ಕರೆಂಟ್ ಬಂದ ಕೂಡ್ಲೆ ಅದು ಜೊತೆಗಾರನಿಗಾಗಿ ಕಾಯುತ್ತೆ. ನಿಮ್ಮಲ್ಲಿ ಆ ಜೊತೆಗಾರ ಸಿಡಿ ರೈಟರ್ ಆಗಿತ್ತು, ಈಗ ಅದಿಲ್ಲ. ಡಿಸ್ಕ್ ತಿರುಗುತ್ತೆ, ಸಪ್ಪಳ ಮಾಡುತ್ತೆ, ಉತ್ತರ ಮಾತ್ರ ಕೊಡಲ್ಲ. ಒಂಟಿಯಾಗಿ ಓಡಿಸೋವಾಗ `Single` ಬೇಕು. ಹೆಚ್ಚಿನವಕ್ಕೆ ಅದು ಜಂಪರ್ ಪೂರಾ ತೆಗೆದ ಸ್ಥಿತಿ, ಆದರೂ ನಿಮ್ಮ ಚೀಟಿಯಲ್ಲಿರೋ ಚಿತ್ರವನ್ನೇ ನಂಬಿ. `Single` ಚಿತ್ರವೇ ಇಲ್ಲದ ಬೇರೆ ಕಂಪನಿ ಡಿಸ್ಕುಗಳಿಗೆ ಮಾಸ್ಟರ್ ಇಟ್ರೆ ಸಾಕು. ಅವುಗಳಲ್ಲೂ ಜಂಪರ್ ಕೀಳೋಕೆ ಹೋಗಬೇಡಿ, ಕೆಲವದರಲ್ಲಿ ಜಂಪರ್ ಇಲ್ಲದಿದ್ರೆ ಅದೇ ಸ್ಲೇವ್.

ಕರೆಂಟ್ ಪೂರ್ತಿ ತೆಗೆದ ಮೇಲೆ ಸಣ್ಣ ಚಿಮಟದಿಂದ ಜಂಪರ್ ನೇರ ಎಳೀರಿ, ಅಲುಗಾಡಿಸಿ ಕಿತ್ರೆ ಪಿನ್ ಬಾಗುತ್ತೆ. ತೆಗೆದ ಜಂಪರನ್ನ ಟೇಪಿನಿಂದ ಡಿಸ್ಕಿನ ಬೆನ್ನಿಗೇ ಅಂಟಿಸಿಡಿ. ನೆಲಕ್ಕೆ ಬಿದ್ರೆ ಜೋಳದ ಕಾಳು ಹುಡುಕಿದಂಗೆ.

ಅಷ್ಟರಲ್ಲೇ ನಲವತ್ತು ಪಿನ್ನಿನ ಸಾಲನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದು ಪಿನ್ ಇರಲ್ಲ, ಅದು 20ನೇದು, ಬೇಕಂತಲೇ ಬಿಟ್ಟಿರೋದು, ಮುರಿದಿದ್ದಲ್ಲ. ಅಡಾಪ್ಟರಿನ ಬಾಯಲ್ಲೂ ಆ ತೂತು ಮುಚ್ಚಿದ್ರೆ ತಿರುಗಾ ಮುರುಗಾ ಹಾಕೋಕೆ ಆಗಲ್ಲ. ಅಗ್ಗದವುಗಳಲ್ಲಿ ತೂತು ತೆರೆದೇ ಇರುತ್ತೆ, ತಲೆಕೆಳಗಾಗಿಯೂ ಕೂತುಬಿಡುತ್ತೆ. ಮೂರೂವರೆ ಇಂಚಿನ ಡಿಸ್ಕುಗಳಲ್ಲಿ 1ನೇ ಪಿನ್ ಸಾಮಾನ್ಯವಾಗಿ ಕರೆಂಟ್ ಪ್ಲಗ್ ಇರೋ ಕಡೆ. ಹಳೇ ಪಟ್ಟಿ ಕೇಬಲ್ಲಿನ ಕೆಂಪು ಅಂಚು ಬರ್ತಿದ್ದದ್ದೂ ಅದೇ ಬದಿಗೆ.

ಯಾವುದಾದ್ರೂ ಪಿನ್ ಬಾಗಿದ್ರೆ ಸೀಸ ತೆಗೆದ 0.9 ಮೆಕ್ಯಾನಿಕಲ್ ಪೆನ್ಸಿಲಿನ ಲೋಹದ ಮೂಗನ್ನ ಅದರ ಮೇಲೆ ಕೂರಿಸಿ, ಒಂದೇ ಸಲಕ್ಕೆ ನಿಧಾನ ನೆಟ್ಟಗೆ ಮಾಡಿ. ಮೂಗಿನೊಳಗೆ ಪಿನ್ ಹೋಗದಿದ್ರೆ ಒತ್ತಬೇಡಿ, ಗುಂಡುಪಿನ್ನಿನ ತುದಿಯಿಂದ ಬದಿಗೆ ಸರಿಸಿ. ಎರಡು ಮೂರು ಸಲ ಆಕಡೆ ಈಕಡೆ ಬಗ್ಗಿಸಿದ್ರೆ ಪಿನ್ ಮುರೀತದೆ.

ಗಂಗಾವತಿ_ಲೆಕ್ಕ

ಇದರ ನಡುವೆ ನನ್ನದೊಂದು. ರೈಸ್ ಮಿಲ್ಲಿನ ಹಳೇ ಡಿಸ್ಕಿನಲ್ಲಿ ಎಕ್ಸ್‌ಪಿ ಮತ್ತು ಹಳೇ ಟ್ಯಾಲಿ ಇದೆ. ಇದೇ ಅಡಾಪ್ಟರ್ ಹಾಕಿ ಲ್ಯಾಪ್‌ಟಾಪಿನಲ್ಲಿ ಆ ಎಕ್ಸ್‌ಪಿಯನ್ನೇ ಆನ್ ಮಾಡಿ ಟ್ಯಾಲಿ ಓಪನ್ ಮಾಡಬಹುದಲ್ವಾ?

ಬಳ್ಳಾರಿ_ಬೆಂಚ್

ಆಗಲ್ಲ ಸರ್. ಅಡಾಪ್ಟರ್ ಆ ಡಿಸ್ಕನ್ನ ದೊಡ್ಡದೊಂದು ಪೆನ್‌ಡ್ರೈವ್ ಮಾಡುತ್ತೆ, ಅಷ್ಟೇ. ಎಕ್ಸ್‌ಪಿ ಯುಎಸ್‌ಬಿಯಿಂದ ಏಳೋ ಹಾಗೆ ಮಾಡಿದ್ದಲ್ಲ. ಬೂಟ್ ಮಾಡೋಕೆ ಹೋದ್ರೆ ಸಾಮಾನ್ಯವಾಗಿ `0x0000007B` ಅಂತ ನೀಲಿ ಪರದೆ ಬಂದು ನಿಲ್ಲುತ್ತೆ. ಟ್ಯಾಲಿ ಡೇಟಾ ಬೇಕಿದ್ರೆ ಡಿಸ್ಕಿನಿಂದ ಟ್ಯಾಲಿ ಫೋಲ್ಡರಿನ ಒಳಗಿನ `Data`, ಅದರಲ್ಲಿ ಬರೀ ನಂಬರಿನ ಹೆಸರಿರೋ ಫೋಲ್ಡರುಗಳನ್ನ ಪೂರ್ತಿಯಾಗಿ ನಕಲು ಮಾಡಿ. ಹೊಸ ಟ್ಯಾಲಿಗೆ ತರೋದು ನಿಮ್ಮ ಟ್ಯಾಲಿ ಸರ್ವೀಸಿನವರ ಕೆಲಸ.

ಕೊಪ್ಪಳ_ಮುದ್ರಣ

ಬಂತ್ರೀ! ಜಂಪರ್ ತಗದು ಹಾಕಿದ ಕೂಡ್ಲೆ `E:` ಮತ್ತು `F:` ಎರಡೂ ಬಂದವು, ಕೂಡಿ 37.2 ಜಿಬಿ ತೋರಿಸ್ತು. 40 ಅಂತ ಬರದೈತಿ, 37 ಯಾಕಂತ ಕೇಳಂಗಿಲ್ಲ, ಅದು ಗೊತ್ತೈತಿ.

ಆದ್ರ ಇನ್ನೊಂದು ತೊಂದ್ರಿ. `F:` ನಿಂದ ನಕಲು ಸುರು ಮಾಡಿ ಹತ್ತು ನಿಮಿಷಕ್ಕ "ಟಕ್" ಅಂತು, ಡಿಸ್ಕಿನ ಸಪ್ಪಳ ಇಳೀತು, ಮತ್ತ ಏರ್ತು, ಎರಡೂ ಡ್ರೈವ್ ಮಾಯ. ಚಾರ್ಜರ್ ಆಫ್ ಮಾಡಿ ಆನ್ ಮಾಡಿದ್ರ ಮತ್ತ ಬರ್ತಾವು. ಮೂರು ಸಲ ಹಿಂಗ ಆತು.

ಸಿಂಧನೂರ್_ಶಿವು

ಟಕ್ ಟಕ್ ಅಂದ್ರ ಹೆಡ್ ಹೋಗ್ಯಾದ ಅಂತ. ಪ್ಲಾಸ್ಟಿಕ್ ಚೀಲದಾಗ ಸುತ್ತಿ ಫ್ರಿಜ್ಜಿನ ಫ್ರೀಜರಿನಾಗ ರಾತ್ರಿಪೂರ ಇಡ್ರಿ, ಮುಂಜಾನೆ ತಗದು ಕೂಡ್ಲೆ ನಕಲು ಮಾಡ್ರಿ. ಭಾಳ ಮಂದಿ ಮಾಡ್ಯಾರ.

ಬಳ್ಳಾರಿ_ಬೆಂಚ್

ಫ್ರೀಜರ್ ಬೇಡವೇ ಬೇಡ. ಬಿಸಿಲು ಕಾಲದಲ್ಲಿ ಫ್ರಿಜ್ಜಿಂದ ತೆಗೆದ ಚೊಂಬು ಹೇಗೆ ಬೆವರುತ್ತೆ ನೋಡಿದ್ದೀರಲ್ಲ. ಆ ಡಿಸ್ಕಿನ ಮುಚ್ಚಳದಲ್ಲಿ ಗಾಳಿಯಾಡೋಕೆ ಸಣ್ಣ ತೂತಿದೆ, ತೇವ ಒಳಗೂ ಹೋಗುತ್ತೆ. ತಟ್ಟೆಯ ಮೇಲೆ ಹನಿ ಕೂತು ಹೆಡ್ ಅದರ ಮೇಲೆ ಓಡಿದ್ರೆ ಬದುಕಿದ್ದ ಡಿಸ್ಕೂ ಸಾಯುತ್ತೆ.

ಟಕ್ ಸಪ್ಪಳವನ್ನ ಬಿಡಿಸಿ ಕೇಳಬೇಕು. ಆನ್ ಮಾಡಿದ ಮೊದಲ ಕ್ಷಣದಿಂದಲೇ ಗಡಿಯಾರದ ಹಾಗೆ ಒಂದೇ ಸಮ ಟಕ್, ಟಕ್, ಟಕ್, ಆಮೇಲೆ ತಿರುಗೋದೇ ನಿಂತ್ರೆ ಹೆಡ್ ಮೇಲೆ ಅನುಮಾನ. ಅಲ್ಲಿಗೆ ಆಫ್ ಮಾಡಿ ಬಿಟ್ಟುಬಿಡಬೇಕು. ನಿಮ್ಮದು ಹತ್ತು ನಿಮಿಷ ಚೆನ್ನಾಗಿ ಓದಿ, ಒಂದೇ ಸಲ ಟಕ್ ಅಂದು, ವೇಗ ಇಳಿದು ಮತ್ತೆ ಏರಿದೆ. ಕರೆಂಟ್ ಒಂದು ಕ್ಷಣ ಕಡಿಮೆಯಾದಾಗ ಡಿಸ್ಕ್ ಹೆಡ್ಡನ್ನ ಬದಿಗೆ ಎಳ್ಕೊಂಡು ಮತ್ತೆ ಮೊದಲಿಂದ ಶುರು ಮಾಡೋ ಸಪ್ಪಳವೂ ಹೀಗೇ. ನನ್ನ ಮೊದಲ ಅನುಮಾನ ಚಾರ್ಜರ್ ಮೇಲೆ.

ಆ ಚಾರ್ಜರಿನ ಮೇಲೆ 12 ವೋಲ್ಟ್ 2 ಆಂಪ್, 5 ವೋಲ್ಟ್ 2 ಆಂಪ್ ಅಂತ ಬರೆದಿರುತ್ತೆ. ಹಳೇ ಡಿಸ್ಕಿನ ಮೋಟಾರು ತಿರುಗೋಕೆ ಶುರು ಮಾಡೋ ಹೊತ್ತಲ್ಲೇ 12 ವೋಲ್ಟಿನಿಂದ ಸುಮಾರು 2 ಆಂಪ್ ಎಳೆಯುತ್ತೆ, ಮೇಲೆ ಬರೆದಿರೋದು ನಿಜವಾಗಿದ್ರೂ ಅಂಚಿನ ಮೇಲಿನ ನಡಿಗೆ. ಅಗ್ಗದ್ದು ಬಿಸಿಯಾದ ಮೇಲೆ ಇನ್ನೂ ಸೋಲುತ್ತೆ.

ಮಲ್ಟಿಮೀಟರ್ ಇದ್ರೆ ಡಿಸಿ 20 ವೋಲ್ಟಿಗೆ ಇಟ್ಟು, ಡಿಸ್ಕ್ ಓಡ್ತಾ ಇರೋವಾಗಲೇ ಬಿಳಿ ಪ್ಲಗ್ಗಿನ ಹಿಂಬದಿ, ಅಂದ್ರೆ ವಯರು ಒಳಗೆ ಹೋಗೋ ಕಡೆಯಿಂದ ಮುಟ್ಟಿ. ಕಪ್ಪು ಮೊನೆ ಕಪ್ಪು ವಯರಿಗೆ, ಕೆಂಪು ಮೊನೆ ಹಳದಿ ವಯರಿಗೆ: 11.4ಕ್ಕಿಂತ ಕೆಳಗೆ ಬರಬಾರದು. ಕೆಂಪು ವಯರಿಗೆ: 4.75ಕ್ಕಿಂತ ಕೆಳಗೆ ಬರಬಾರದು. ಎರಡು ಮೊನೆ ಒಂದಕ್ಕೊಂದು ತಾಗದ ಹಾಗೆ ಕೈ ಗಟ್ಟಿ ಹಿಡೀರಿ. ಡಿಸ್ಕ್ ಇಲ್ಲದೆ ಬರೀ ಚಾರ್ಜರ್ ಅಳೆದ್ರೆ 12 ಚೆನ್ನಾಗೇ ತೋರಿಸುತ್ತೆ, ಅದರಿಂದ ಏನೂ ಗೊತ್ತಾಗಲ್ಲ.

ಕೊಪ್ಪಳ_ಮುದ್ರಣ

ಬಾಜೂಕ ಮೊಬೈಲ್ ರಿಪೇರಿ ಅಂಗಡಿಯಿಂದ ಮೀಟರ್ ತಂದು ನೋಡಿದ್ನಿ. ಸುರೂಕ 11.7 ಇತ್ತು, ಕಾಲು ತಾಸು ಆದ ಮ್ಯಾಲ 10.9. ಕೆಂಪು ವಯರ್ 4.9, ಅದು ಅಲುಗಾಡ್ಲಿಲ್ಲ. ಚಾರ್ಜರ್ ಮುಟ್ಟಾಕ ಆಗದಷ್ಟು ಬಿಸಿ.

ಬಳ್ಳಾರಿ_ಬೆಂಚ್

ಸಿಕ್ತು. ಆ ಚಾರ್ಜರ್ ಬದಿಗಿಡಿ. ಡಿಸ್ಕ್ ಬಿಚ್ಚಿದ ಹಳೇ ಡೆಸ್ಕ್‌ಟಾಪ್ ಇನ್ನೂ ಇದ್ರೆ ಅದರ ಎಸ್‌ಎಂಪಿಎಸ್ ಸಾಕು. ಡಬ್ಬಿ ಬಿಚ್ಚೋದು ಬೇಡ, ಒಳಗೆ ಆಫ್ ಆದ ಮೇಲೂ ಕೆಟ್ಟ ಶಾಕ್ ಹೊಡೆಯುತ್ತೆ. ಮದರ್‌ಬೋರ್ಡಿಗೆ ಹೋಗೋ ಅಗಲ ಪ್ಲಗ್ಗಿನಲ್ಲಿ ಹಸಿರು ವಯರ್ ಒಂದೇ ಇರುತ್ತೆ. ಗೋಡೆಯ ಸ್ವಿಚ್ ಆಫ್ ಇರೋವಾಗ ಅದನ್ನೂ ಪಕ್ಕದ ಒಂದು ಕಪ್ಪನ್ನೂ ಬಾಗಿಸಿದ ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ಮೇಲೆ ಟೇಪ್ ಸುತ್ತಿ. ಬೇರೆ ಯಾವ ಬಣ್ಣಕ್ಕೂ ಕ್ಲಿಪ್ ತಾಗಬಾರದು.

ಆಮೇಲೆ ಎಲ್ಲ ಆಫ್ ಇರೋವಾಗಲೇ ಎಸ್‌ಎಂಪಿಎಸ್‌ನ ನಾಲ್ಕು ತೂತಿನ ಪ್ಲಗ್ ಡಿಸ್ಕಿಗೆ, ಅಡಾಪ್ಟರ್ ನಲವತ್ತು ಪಿನ್ನಿಗೆ. ಈ ಪ್ಲಗ್ಗಿನ ಎರಡು ಮೂಲೆ ಕತ್ತರಿಸಿದ ಹಾಗಿರುತ್ತೆ, ಆ ಆಕಾರ ಕೂಡಿಸಿಯೇ ಒತ್ತಿ. ಬಲ ಹಾಕಿ ತಿರುಗಾ ತುರುಕಿದ್ರೆ 5 ವೋಲ್ಟಿನ ದಾರಿಗೆ 12 ಹೋಗಿ ಡಿಸ್ಕಿನ ಬೋರ್ಡ್ ಸುಡುತ್ತೆ. ಸ್ವಿಚ್ ಹಾಕಿ, ಡಿಸ್ಕ್ ಪೂರ್ತಿ ವೇಗಕ್ಕೆ ಬರೋವರೆಗೆ ಹತ್ತು ಹದಿನೈದು ಸೆಕೆಂಡ್ ಕಾದು, ಕಡೆಗೆ ಯುಎಸ್‌ಬಿ ಸಿಗಿಸಿ. ಈ ಕ್ರಮ ತಪ್ಪಿದ್ರೂ ಕೆಲವು ಅಡಾಪ್ಟರ್ ಡಿಸ್ಕನ್ನ ಕಾಣಲ್ಲ, ಡಿಸ್ಕ್ ಏಳೋ ಮೊದಲೇ ಕೇಳಿ ಸುಮ್ಮನಾಗಿಬಿಡ್ತವೆ.

ಡಿಸ್ಕನ್ನ ಬೋರ್ಡ್ ಕೆಳಗಾಗಿ ಸ್ಟೀಲ್ ಟೇಬಲ್ ಮೇಲೆ ಇಡಬೇಡಿ. ಒಣ ಹಲಗೆ ಮೇಲೆ ಇಟ್ಟು ಟೇಬಲ್ ಫ್ಯಾನ್ ತಿರುಗಿಸಿ.

ಮಸ್ಕಿ_ಲಿನಕ್ಸ್

ಕರೆಂಟ್ ಸರಿ ಆದ ಮೇಲೂ ನಕಲಿಗೆ ಮೊದಲು ಪೂರ್ತಿ ಇಮೇಜ್ ತೆಗೀರಿ. ಇಪ್ಪತ್ತು ವರ್ಷದ ಡಿಸ್ಕ್, ಇಂದು ಓದಿದ್ದು ನಾಳೆ ಓದತದ ಅನ್ನೋ ಭರವಸೆ ಇಲ್ಲ. ಪೆನ್‌ಡ್ರೈವಿನಿಂದ ಯಾವುದಾದರೂ ಲೈವ್ ಲಿನಕ್ಸ್ ಎಬ್ಬಿಸಿ, `ddrescue` ಹಾಕಿಕೊಳ್ರಿ. ಇಮೇಜ್ ಬರೀಬೇಕಾದ ಡಿಸ್ಕಿನ ಫೋಲ್ಡರಿನಾಗ ನಿಂತು:

```
lsblk -o NAME,SIZE,FSTYPE,MODEL
sudo ddrescue -n /dev/sdX hale.img hale.map
sudo ddrescue -d -r3 /dev/sdX hale.img hale.map
```

`sdX` ಜಾಗದಾಗ ಮೊದಲ ಸಾಲಿನಲ್ಲಿ 37G ಆಸುಪಾಸು ತೋರಿಸಿದ ಹೆಸರು ಹಾಕ್ರಿ. ಅದು ತಪ್ಪಿದ್ರ ಬೇರೆ ಡಿಸ್ಕಿನ ಇಮೇಜ್ ಬರ್ತದ. ಎರಡನೇ ಸಾಲು ಸುಲಭಕ್ಕ ಸಿಗೋದನ್ನ ಮೊದಲು ಬಾಚ್ಕೊಳ್ತದ, ಮೂರನೇದು ಬಿಟ್ಟುಹೋದ ಜಾಗಕ್ಕ ಮತ್ತ ಮೂರು ಸಲ ಪ್ರಯತ್ನ ಮಾಡ್ತದ. ನಡುವೆ ಕರೆಂಟ್ ಹೋದ್ರೂ ಅದೇ `hale.map` ಇದ್ರ ನಿಂತಲ್ಲಿಂದ ಮುಂದುವರೀತದ. ಬರೆಯೋ ಡಿಸ್ಕ್ ಫ್ಯಾಟ್32 ಇರಬಾರದು, 4 ಜಿಬಿಗೆ ಫೈಲ್ ನಿಂತುಬಿಡ್ತದ.

ಬಳ್ಳಾರಿ_ಬೆಂಚ್

ಇಲ್ಲಿ ನಾನು ಮಸ್ಕಿಯವರ ಜೊತೆ ಪೂರ್ತಿ ಇಲ್ಲ. ಡಿಸ್ಕ್ ಸದ್ದಿಲ್ಲದೆ ಓದ್ತಿದ್ರೆ, ಬೇಕಾದ್ದು ಒಂದು ಡಜನ್ ಜಿಬಿ ಮಾತ್ರ ಇದ್ರೆ, ಮೊದಲು ಆ ಫೋಲ್ಡರುಗಳನ್ನ ತೆಗೀರಿ, ಆಮೇಲೆ ಇಮೇಜ್. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 25 ಎಂಬಿ ಬಂದ್ರೂ 40 ಜಿಬಿಗೆ ಅರ್ಧ ತಾಸು ಹತ್ತಿರ. ಅಷ್ಟು ಹೊತ್ತು ಖಾಲಿ ಜಾಗ ಓದಿಸೋದ್ಯಾಕೆ?

ಮಸ್ಕಿ_ಲಿನಕ್ಸ್

ಫೈಲ್ ನಕಲಿನಾಗ ಹೆಡ್ ಆಕಡೆ ಈಕಡೆ ಸಾವಿರ ಸಲ ಹಾರ್ತದ, ಇಮೇಜಿನಾಗ ಒಂದೇ ದಿಕ್ಕಿಗೆ ನೇರ ಹೋಗ್ತದ. ಮುದಿ ಡಿಸ್ಕಿಗೆ ಅರ್ಧ ತಾಸಿನ ನೇರ ನಡಿಗೆನೇ ಹಗುರ. ನಾನು ಇಮೇಜ್ ಪಕ್ಷ.

ಬಳ್ಳಾರಿ_ಬೆಂಚ್

ಕೆಟ್ಟ ಸೆಕ್ಟರ್ ಇದ್ರೆ ನಿಮ್ಮ ಮಾತೇ ಸರಿ. ಆದ್ರೆ ಅಂಥಾ ಜಾಗ ಬಂದಾಗ ಈ ಯುಎಸ್‌ಬಿ ಅಡಾಪ್ಟರುಗಳಲ್ಲಿ ಹಲವು ಹಾಗೇ ಹೆಪ್ಪುಗಟ್ಟಿ ನಿಂತುಬಿಡ್ತವೆ, ಕರೆಂಟ್ ತೆಗೆದು ಹಾಕಬೇಕಾಗುತ್ತೆ. ಅಂಥಾ ಡಿಸ್ಕಿಗೆ ನಿಜವಾದ ಐಡಿಇ ಸಾಕೆಟ್ ಇರೋ ಹಳೇ ಮದರ್‌ಬೋರ್ಡೇ ಮೇಲು. ಕೊಪ್ಪಳದವರು ತಮ್ಮ ಡಿಸ್ಕ್ ನೋಡಿ ತೀರ್ಮಾನ ಮಾಡ್ಲಿ.

ವಿಂಡೋಸಿನಲ್ಲೇ ಫೈಲ್ ತೆಗೆಯೋದಾದ್ರೆ ಎಳೆದು ಬಿಡೋ ನಕಲು ಬೇಡ, ಒಂದು ಕೆಟ್ಟ ಫೈಲಿಗೆ ಸಿಕ್ಕಿ ನಿಂತುಬಿಡುತ್ತೆ. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, `G:` ನಿಮ್ಮ ಹೊಸ ಡಿಸ್ಕ್ ಅಂದುಕೊಂಡ್ರೆ:

```
robocopy E:\ G:\Hale_E /E /B /XJ /R:1 /W:1 /LOG:G:\e.txt
attrib -s -h G:\Hale_E
```

`/R:1 /W:1` ಮರೀಬೇಡಿ. ಅದಿಲ್ಲದಿದ್ರೆ ಒಂದೊಂದು ಕೆಟ್ಟ ಫೈಲಿಗೂ ಹತ್ತು ಲಕ್ಷ ಸಲ, ನಡುವೆ 30 ಸೆಕೆಂಡ್ ಕಾದು ಪ್ರಯತ್ನ ಮಾಡುತ್ತೆ. `/B` ಇರೋದ್ರಿಂದ ಎಕ್ಸ್‌ಪಿಯ `Documents and Settings` ಒಳಗಿನ "ಅನುಮತಿ ಇಲ್ಲ" ಅನ್ನೋ ಫೋಲ್ಡರುಗಳೂ ಓದಿಸಿಕೊಳ್ತವೆ, ಹಳೇ ಡಿಸ್ಕಿನ ಅನುಮತಿಗಳನ್ನ ಬದಲಾಯಿಸದೆ. ಎಕ್ಸ್‌ಪ್ಲೋರರಿನಲ್ಲಿ `Continue` ಒತ್ತಿದ್ರೆ ವಿಂಡೋಸ್ ಆ ಮುದಿ ಡಿಸ್ಕಿನ ಮೇಲೆ ಬರೆಯೋಕೆ ಹೋಗುತ್ತೆ, ಅದು ಬೇಡ. ಕಡೆಯ ಸಾಲು ಯಾಕಂದ್ರೆ, ಪೂರ್ತಿ ಡ್ರೈವ್ ನಕಲು ಮಾಡಿದಾಗ ಹೊಸ ಫೋಲ್ಡರ್ ಅಡಗಿಕೊಂಡುಬಿಡುತ್ತೆ, ನಕಲೇ ಆಗಿಲ್ಲ ಅಂತ ಜನ ಮತ್ತೆ ಶುರು ಮಾಡ್ತಾರೆ.

`You need to format the disk` ಅಂತಾಗ್ಲಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ `Initialize Disk` ಅಂತಾಗ್ಲಿ ಕೇಳಿದ್ರೆ ಎರಡಕ್ಕೂ ಕ್ಯಾನ್ಸಲ್.

ಕೊಪ್ಪಳ_ಮುದ್ರಣ

ಎಸ್‌ಎಂಪಿಎಸ್ ಮ್ಯಾಲ ಹಾಕಿದ್ನಿ. ಹಳದಿ ವಯರ್ 12.1, ಒಂದು ತಾಸು ಆದ್ರೂ ಅಷ್ಟ. ಡ್ರೈವ್ ಮಾಯ ಆಗ್ಲಿಲ್ಲ. `robocopy` ಮುಗೀತು, ಎರಡೂ ಡ್ರೈವಿಂದ ಕೂಡಿ 14 ಜಿಬಿ ಬಂತು. ಲಾಗಿನಾಗ `F:` ದು ಒಂದ ಫೋಲ್ಡರಿನ ಮೂರು ಪೇಜ್‌ಮೇಕರ್ `.p65` ಫೈಲಿಗೆ `ERROR 23` ಅಂತ ಐತಿ. ಉಳಿದದ್ದು ಎಲ್ಲಾ ಬಂದೈತಿ.

ಈಗ ಹೊಸಾದು. ವರ್ಡ್ ಫೈಲ್ ತಗದ್ರ ಕನ್ನಡ ಬರಾಕತ್ತಿಲ್ಲ, `PÀ£ÀßqÀ` ಹಿಂಗ ಬರ್ತೈತಿ. ಫೈಲ್ ಕೆಟ್ಟಾವೇನ್ರಿ?

ರಾಯಚೂರ್_ಅಕ್ಷರ

ಇಲ್ಲಣ್ಣ, ಫೈಲ್ ಸರಿ ಅದಾವ. ನೀವು ಬರೆದಿದ್ದೇ "ಕನ್ನಡ" ಅನ್ನೋ ಪದ, ನುಡಿಯ ಹಳೇ ಫಾಂಟಿನದ್ದು. ಆ ಕಾಲದಾಗ ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ತುಂಡು ಚಿತ್ರ ಕೂಡಿಸ್ತಿದ್ರು. ಫಾಂಟ್ ಇಲ್ಲಂದ್ರ ತುಂಡುಗಳ ಹಿಂದಿನ ಇಂಗ್ಲಿಷ್ ಗುರುತು ಬಯಲಾಗ್ತದ. ಹಾಳಾದ ಫೈಲಾಗಿದ್ರ ತೆರೀತಾನೇ ಇರಲಿಲ್ಲ, ಇಲ್ಲಾ ಚೌಕ ಚೌಕ ಬರ್ತಿತ್ತು.

ನಿಮ್ಮ ನಕಲಿನಾಗ `Hale_E\WINDOWS\Fonts` ಒಳಗ ಆ ಫಾಂಟುಗಳು ಇದ್ದೇ ಇರ್ತಾವ. `Nudi` ಅಂತ ಸುರು ಆಗೋ `.ttf` ಹುಡುಕಿ, ಬೇರೆ ಕಡೆ ನಕಲು ಮಾಡಿ ಇನ್‌ಸ್ಟಾಲ್ ಮಾಡ್ರಿ. ವರ್ಡ್ ಮುಚ್ಚಿ ತೆರೆದ್ರ ಕನ್ನಡ ಬರ್ತದ. ಮುಂದ ಮೊಬೈಲಿನಾಗ ಓದಬೇಕು, ವಾಟ್ಸ್ಯಾಪಿಗೆ ಕಳಿಸಬೇಕು ಅಂದ್ರ ನುಡಿಯಲ್ಲೇ ಇರೋ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸ್ರಿ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನ ಕಣ್ಣಾರೆ ನೋಡ್ರಿ, "ಸೂರ್ಯ", "ಕಾರ್ಯಕ್ರಮ" ಅಂಥಾ ಪದದಾಗ ತಪ್ಪು ನುಸುಳ್ತಾವ. ಲಗ್ನಪತ್ರಿಕೆಯಾಗ ಅದು ಬಂದ್ರ ಬೀಗರ ಮುಂದ ಮಾತು ಕೇಳ್ಬೇಕಾಗ್ತದ.

ಪೇಜ್‌ಮೇಕರಿನಾಗ ಶ್ರೀಲಿಪಿ ಬಳಸಿದ್ರ ಅದರ ಫಾಂಟನ್ನೂ ಅಲ್ಲಿಂದಲೇ ತಗೋಬೇಕು. ನೋಡೋಕೆ, ಪ್ರಿಂಟ್ ತೆಗೆಯೋಕೆ ಫಾಂಟ್ ಸಾಕು. ತಿದ್ದಿ ಟೈಪ್ ಮಾಡಬೇಕಂದ್ರ ಆ ಸಾಫ್ಟ್‌ವೇರೇ ಬೇಕು.

ಕೊಪ್ಪಳ_ಮುದ್ರಣ

ಅಕ್ಕಾರ, ಬಂತ್ರಿ ಕನ್ನಡ. ಈಗ ಉಳಿದದ್ದು ಮೂರು `.p65` ಫೈಲು.

ಸಿಂಧನೂರ್_ಶಿವು

ಅದೇ ಮಾಡೆಲ್ ಡಿಸ್ಕಿನ ಬೋರ್ಡ್ ತಂದು ಬದಲಿಸಿದ್ರ ಆ ಮೂರೂ ಬರ್ತಾವ.

ಬಳ್ಳಾರಿ_ಬೆಂಚ್

ಬೋರ್ಡ್ ಸತ್ತಿದ್ರೆ ಆ ಮಾತು, ಅದೂ ಎಲ್ಲ ಮಾಡೆಲಿಗೂ ನಡೆಯಲ್ಲ. ಎಷ್ಟೋ ಡಿಸ್ಕುಗಳಲ್ಲಿ ಆ ಡಿಸ್ಕಿಗಷ್ಟೇ ಹೊಂದೋ ವಿವರ ಬೋರ್ಡಿನ ಚಿಪ್ಪಿನಲ್ಲಿರುತ್ತೆ. ಇವರ ಬೋರ್ಡ್ 14 ಜಿಬಿ ಓದಿ ಕೊಟ್ಟಿದೆ. ಅದಕ್ಕೆ ಕೈ ಹಾಕಬಾರದು.

`ERROR 23` ಅಂದ್ರೆ ಓದಿದ ಡೇಟಾ ಲೆಕ್ಕಕ್ಕೆ ಕೂಡಲಿಲ್ಲ ಅಂತ. ಕೆಟ್ಟ ಸೆಕ್ಟರ್ ಇರಬಹುದು. ಇಲ್ಲಾ ಹಿಂದಿನ ಸಲ ಚಾರ್ಜರ್ ಸೋತಾಗ ಏನಾದ್ರೂ ಕೆಟ್ಟಿತಾ ಅಂತಲೂ ಅನುಮಾನ ಇದೆ, ಆದ್ರೆ ಆಗ ಬರೀ ಓದ್ತಿದ್ದದ್ದು, ಬರೀತಿರಲಿಲ್ಲ. ಹಾಗಾಗಿ ಆ ಕಡೆ ನನ್ನ ಒಲವು ಕಡಿಮೆ.

ಮಸ್ಕಿ_ಲಿನಕ್ಸ್

ಈಗಾದ್ರೂ ಇಮೇಜ್ ತೆಗೀತೀರಿ ಅಲ್ಲ? ಬೇಕಾದ್ದು ಹೊರಗ ಬಂದದ, ಇನ್ನು ಬಳ್ಳಾರಿಯವರ ತಕರಾರೂ ಇರಲಿಕ್ಕಿಲ್ಲ. ಮೊದಲ ಸುತ್ತು ಮುಗಿದ ಮೇಲೆ ಪರದೆ ಮೇಲೆ `rescued` ಎಷ್ಟು, `bad areas` ಎಷ್ಟು ಅಂತ ಬರೀರಿ. ಅಡಾಪ್ಟರ್ ಹೆಪ್ಪುಗಟ್ಟಿದ್ರ `Ctrl+C` ಒತ್ತಿ, ಕರೆಂಟ್ ತೆಗೆದು ಹಾಕಿ, `lsblk` ಮತ್ತೊಮ್ಮೆ ನೋಡ್ರಿ. ಎಷ್ಟೋ ಸಲ `sdb` ಇದ್ದದ್ದು `sdc` ಆಗಿರ್ತದ.

ಕೊಪ್ಪಳ_ಮುದ್ರಣ

ಮೊದಲ ಸುತ್ತು ಆತು: `rescued: 99.99%`, `bad areas: 2`. ಎರಡನೇದು ಹಚ್ಚೀನಿ, 31 ಜಿಬಿ ಹತ್ರ ನಿಂತೈತಿ, ಡಿಸ್ಕ್ ಕರ್ ಕರ್ ಅನ್ನಾಕತ್ತೈತಿ. ಫ್ಯಾನ್ ಅದರ ಮ್ಯಾಲ ತಿರುಗಿಸೀನಿ. ಎಷ್ಟೊತ್ತು ಕಾಯ್ಬೇಕ್ರಿ?

ಮಸ್ಕಿ_ಲಿನಕ್ಸ್

ಸಪ್ಪಳ ಒಂದೇ ಸಮ ಇದ್ರ ರಾತ್ರಿ ತನಕ ಬಿಡ್ರಿ. ಟಕ್ ಟಕ್‌ಗೆ ತಿರುಗಿದ್ರ ಕೂಡ್ಲೆ ನಿಲ್ಲಿಸ್ರಿ.

ಬಳ್ಳಾರಿ_ಬೆಂಚ್

ನಾನಾದ್ರೆ ಒಂದು ತಾಸಿಗೇ ನಿಲ್ಲಿಸ್ತಿದ್ದೆ. ಮೂರು ಲಗ್ನಪತ್ರಿಕೆ ತಾನೆ?

ಕೊಪ್ಪಳ_ಮುದ್ರಣ

ಅದರಾಗ ಒಂದು ಲಗ್ನಪತ್ರಿಕೆ ಅಲ್ರಿ, ಊರ ಜಾತ್ರೆಯ ಸ್ಮರಣ ಸಂಚಿಕೆ. ರಾತ್ರಿ ತನಕ ಬಿಡ್ತೀನಿ.